ಅಜ್ಜಿಯ ನಿದ್ದೆ ಮಾತ್ರೆ ಇಳಿಸುವುದು ಹೇಗೆ: 18 ವಾರದ ಲೆಕ್ಕ ಮತ್ತು ಮನೆಗೊಂದು ಹಾಳೆ

"ಡಾಕ್ಟ್ರೇ, ಬೇರೆ ಯಾವುದನ್ನಾದ್ರೂ ನಿಲ್ಲಿಸಿ, ಇದೊಂದನ್ನ ಮುಟ್ಟಬೇಡಿ. ಒಂದು ರಾತ್ರಿ ತಪ್ಪಿದ್ರೂ ಕಣ್ಣು ಹತ್ತಲ್ಲ."

ಹೀಗೆ ಹೇಳಿ ಅಜ್ಜಿ ಕೈಚೀಲದಿಂದ ಒಂದು ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ಆಲ್ಪ್ರಾಜೋಲಮ್, 0.5 ಮಿ.ಗ್ರಾಂ. ಅವರ ಎಡಗೈಗೆ ಪ್ಲಾಸ್ಟರ್ ಹಾಕಿತ್ತು. ಹತ್ತು ದಿನದ ಹಿಂದೆ ರಾತ್ರಿ ಮೂರು ಗಂಟೆಗೆ ಬಚ್ಚಲಿಗೆ ಹೋಗುವಾಗ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ವಯಸ್ಸು 74. ಯಜಮಾನರು ತೀರಿಕೊಂಡಾಗ ಯಾರೋ "ಹದಿನೈದು ದಿನ ತಗೊಳ್ಳಿ" ಎಂದು ಬರೆದುಕೊಟ್ಟ ಮಾತ್ರೆ ಅದು. ಆ ಹದಿನೈದು ದಿನ ಹನ್ನೊಂದು ವರ್ಷ ಆಗಿತ್ತು.

ಈ ಅಜ್ಜಿ ಒಬ್ಬರೇ ಅಲ್ಲ. ನಾನು ನೋಡಿದ ಇಬ್ಬರು ಮೂವರ ಕಥೆ ಸೇರಿಸಿ ಒಬ್ಬರದ್ದಾಗಿ ಹೇಳುತ್ತಿದ್ದೇನೆ. ಮಾತ್ರೆ ಇಳಿಸುವ ಕ್ರಮವನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ. ಅಮ್ಮನನ್ನೋ ಮಾವನನ್ನೋ ನೋಡಿಕೊಳ್ಳುವ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಹಾಗೆ ಸಣ್ಣ ಊರಲ್ಲಿ ಕ್ಲಿನಿಕ್ ಇಟ್ಟುಕೊಂಡವರಿಗೂ ಉಪಯೋಗಕ್ಕೆ ಬರಬಹುದು. ಮನೆಯವರಿಗೆ ಮೊದಲೇ ಒಂದು ಮಾತು: ಇದನ್ನು ಓದಿ ಈ ರಾತ್ರಿಯಿಂದಲೇ ಶುರು ಮಾಡಬೇಡಿ. ನಿಮ್ಮ ಡಾಕ್ಟರ್ ಜೊತೆ ಕೂತು ಶುರು ಮಾಡಿ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮಾತ್ರೆ ತಪ್ಪಿದ ರಾತ್ರಿ ನಿಜವಾಗಿ ಆಗುವುದೇನು

ಅಜ್ಜಿ ಸುಳ್ಳು ಹೇಳುತ್ತಿರಲಿಲ್ಲ. ಮಾತ್ರೆ ತಪ್ಪಿದ ರಾತ್ರಿ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಆದರೆ ಅದಕ್ಕೆ ಅವರು ಹಚ್ಚಿದ ಅರ್ಥ ತಪ್ಪು.

ಆಲ್ಪ್ರಾಜೋಲಮ್, ಕ್ಲೋನಾಜೆಪಮ್, ಲೋರಾಜೆಪಮ್, ಡಯಾಜೆಪಮ್ ಎಲ್ಲ ಬೆಂಜೋಡಯಾಜೆಪಿನ್ ಎಂಬ ಒಂದೇ ಕುಟುಂಬದ ಮಾತ್ರೆಗಳು. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಇದೆ. ನರಗಳ ಗಲಾಟೆಯನ್ನು ತಗ್ಗಿಸುವುದು ಅದರ ಕೆಲಸ. ಈ ಮಾತ್ರೆಗಳು ಅದರ ಕೈ ಬಲಪಡಿಸುತ್ತವೆ. ಮೊದಲ ಕೆಲವು ವಾರ ನಿದ್ದೆ ಚೆನ್ನಾಗಿ ಬರುತ್ತದೆ. ದಿನಾ ನುಂಗುತ್ತಾ ಹೋದರೆ ಮಿದುಳು ಅದಕ್ಕೆ ಹೊಂದಿಕೊಂಡು ತನ್ನ ಕಡೆಯ ಬ್ರೇಕನ್ನು ಸಡಿಲ ಮಾಡಿಕೊಳ್ಳುತ್ತದೆ. ಆಮೇಲೆ ಮಾತ್ರೆಯಿಂದ ಹೆಚ್ಚಿನ ನಿದ್ದೆಯೇನೂ ಸಿಗುವುದಿಲ್ಲ. ಒಂದು ದಿನ ತಪ್ಪಿದರೆ ಮಾತ್ರ ಸಡಿಲವಾದ ಬ್ರೇಕ್ ಬಯಲಿಗೆ ಬರುತ್ತದೆ. ಎದೆ ಡವಡವ, ಬೆವರು, ಕಣ್ಣು ಮುಚ್ಚಿದರೂ ಮುಚ್ಚದ ಹಾಗೆ. ಅಜ್ಜಿ ಅದನ್ನು ನೋಡಿ "ನಂಗೆ ಮಾತ್ರೆ ಬೇಕೇ ಬೇಕು" ಅಂದುಕೊಂಡರು. ನಾನು ನೋಡುವುದು ಹೀಗೆ: ಅದು ಮಾತ್ರೆಯೇ ತಂದಿಟ್ಟ ರಾತ್ರಿ.

ವಯಸ್ಸಾದಂತೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ನುಂಗಿದ ಆಲ್ಪ್ರಾಜೋಲಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಗಟ್ಟಿ ವಯಸ್ಸಿನವರಲ್ಲಿ ಸುಮಾರು 11 ಗಂಟೆ ಬೇಕು. ಹಿರಿಯರಲ್ಲಿ ಅದು ಸುಮಾರು 16 ಗಂಟೆ. ರಾತ್ರಿ ಒಂಬತ್ತಕ್ಕೆ ನುಂಗಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗಲೂ ಮೈಯಲ್ಲಿರುತ್ತದೆ. ಕಾಲು ತಡವರಿಸುವುದು, ಹೆಸರು ನೆನಪಾಗದಿರುವುದು, ಸೊಂಟದ ಮೂಳೆ ಮುರಿಯುವಂತೆ ಬೀಳುವುದು ಇವೆಲ್ಲ ಇದರ ಬಾಬ್ತು. ಅಮೆರಿಕದ ವೃದ್ಧರ ವೈದ್ಯರ ಸಂಘದ ಬೀರ್ಸ್ ಪಟ್ಟಿ ಈ ಮಾತ್ರೆಗಳನ್ನು 65 ದಾಟಿದವರಿಗೆ ಕೊಡದಿರುವುದೇ ಲೇಸು ಎಂದು ಹೇಳುವುದು ಇದಕ್ಕೇ.

ಹಾಗಾದರೆ ಇವತ್ತೇ ನಿಲ್ಲಿಸಿಬಿಡೋಣ, ಅಲ್ವಾ? ಖಂಡಿತ ಬೇಡ. ವರ್ಷಗಟ್ಟಲೆ ದಿನಾ ತಗೊಂಡವರಲ್ಲಿ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಬಹುದು. ಸಡಿಲವಾದ ಬ್ರೇಕನ್ನು ಮಿದುಳು ಮತ್ತೆ ಬಿಗಿ ಮಾಡಿಕೊಳ್ಳಲು ವಾರಗಳು ಬೇಕು.

ಯಾರಿಗೆ ಈ ಲೆಕ್ಕ ಬೇಡ

ನಾನು ಕೆಳಗೆ ಕೊಡುವ ಲೆಕ್ಕ ರಾತ್ರಿ ಒಂದೇ ಸಲ, ಸಣ್ಣ ಡೋಸು, ನಿದ್ದೆಗಾಗಿಯೋ ಹಳೆಯ ಗಾಬರಿಗಾಗಿಯೋ ತಗೊಳ್ಳುತ್ತಿರುವ ಹಿರಿಯರಿಗೆ. ಫಿಟ್ಸ್ ಕಾಯಿಲೆಗೆ ಕ್ಲೋನಾಜೆಪಮ್ ತಗೊಳ್ಳುವವರು ಇದರಲ್ಲಿ ಸೇರುವುದಿಲ್ಲ. ಹಿಂದೆ ಯಾವಾಗಲಾದರೂ ಮಾತ್ರೆ ನಿಲ್ಲಿಸಿದಾಗ ಫಿಟ್ಸ್ ಬಂದಿದ್ದರೆ, ದಿನಾ ಕುಡಿಯುವ ಅಭ್ಯಾಸ ಇದ್ದರೆ, ದಿನಕ್ಕೆ ಎರಡು ಮೂರು ಸಲ ದೊಡ್ಡ ಡೋಸು ತಗೊಳ್ಳುತ್ತಿದ್ದರೆ, ತೀವ್ರ ಖಿನ್ನತೆ ಅಥವಾ ಬೇರೆ ದೊಡ್ಡ ಮಾನಸಿಕ ಕಾಯಿಲೆ ಇದ್ದರೆ ಮನೋವೈದ್ಯರ ಕೈಯಲ್ಲೇ ಇಳಿಸಬೇಕು. ಕುಡಿತದ ವಿಷಯದಲ್ಲಿ ತಾತಂದಿರು ಹೆಂಡತಿ ಮಕ್ಕಳ ಎದುರು ನಿಜ ಹೇಳುವುದಿಲ್ಲ. ಅವರನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳಬೇಕು.

ಮೊದಲು ಮಾತ್ರೆ ಡಬ್ಬಿ ಸುರುವಿ ನೋಡಿ

ಅಜ್ಜಿಯ ಸೊಸೆಗೆ ಮನೆಯಲ್ಲಿರುವ ಎಲ್ಲ ಮಾತ್ರೆ ತರಲು ಹೇಳಿದೆ. ಬಿಪಿ ಮಾತ್ರೆ, ಶುಗರ್ ಮಾತ್ರೆ ಅಷ್ಟೇ ಅಲ್ಲ. ದೇವರ ಮನೆ ಗೂಡಿನಲ್ಲಿರುವುದು, ಊರಿಂದ ಬಂದ ನಾದಿನಿ ಬಿಟ್ಟುಹೋದದ್ದು, ಎಲ್ಲವೂ. ಒಂದು ಹಳೇ ಬಿಸ್ಕತ್ತಿನ ಡಬ್ಬಿ ತುಂಬಾ ತಂದರು.

ಹುಡುಕಿದ್ದು ಸಾರ್ಥಕವಾಯಿತು. "ಗ್ಯಾಸ್ ಮಾತ್ರೆ" ಎಂದು ಊಟಕ್ಕೆ ಮುಂಚೆ ತಗೊಳ್ಳುತ್ತಿದ್ದ ಒಂದರಲ್ಲಿ ಕ್ಲಿಡಿನಿಯಮ್ ಜೊತೆ ಕ್ಲೋರ್‌ಡಯಾಜೆಪಾಕ್ಸೈಡ್ ಇತ್ತು. ಅದೂ ಇದೇ ಕುಟುಂಬದ ಮಾತ್ರೆ! ನಮ್ಮಲ್ಲಿ ಇಂಥ ಜೋಡಿ ಮಾತ್ರೆಗಳು ತುಂಬಾ. ಎಸ್ಸಿಟಾಲೋಪ್ರಾಮ್ ಜೊತೆ ಕ್ಲೋನಾಜೆಪಮ್, ಪ್ರೊಪ್ರಾನೊಲಾಲ್ ಜೊತೆ ಆಲ್ಪ್ರಾಜೋಲಮ್, ಅಮಿಟ್ರಿಪ್ಟಿಲಿನ್ ಜೊತೆ ಕ್ಲೋರ್‌ಡಯಾಜೆಪಾಕ್ಸೈಡ್. ಸ್ಟ್ರಿಪ್ಪಿನ ಮುಂದೆ ದೊಡ್ಡದಾಗಿ ಕಂಪನಿ ಇಟ್ಟ ಹೆಸರು ಇರುತ್ತದೆ. ಒಳಗೇನಿದೆ ಎನ್ನುವುದು ಹಿಂದೆ ಸಣ್ಣ ಅಕ್ಷರದಲ್ಲಿ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ.

ಜೋಡಿ ಮಾತ್ರೆಯನ್ನು ಸುಮ್ನೆ ಅರ್ಧ ಮಾಡಿದರೆ ಎರಡೂ ಔಷಧಿ ಅರ್ಧವಾಗುತ್ತವೆ. ಖಿನ್ನತೆಯ ಔಷಧಿಯೋ ಹೃದಯದ ಬಡಿತದ ಔಷಧಿಯೋ ಹೀಗೆ ಅರಿಯದೇ ಕಡಿಮೆಯಾಗಬಾರದು. ಮೊದಲು ಡಾಕ್ಟರ್ ಎರಡನ್ನೂ ಬೇರೆ ಬೇರೆ ಮಾತ್ರೆಯಾಗಿ ಬರೆದುಕೊಡಬೇಕು. ಆಮೇಲೆ ಒಂದನ್ನು ಮಾತ್ರ ಇಳಿಸುವುದು. ನಮ್ಮ ಅಜ್ಜಿ ಗ್ಯಾಸ್ ಮಾತ್ರೆಯನ್ನು ವಾರಕ್ಕೊಂದೋ ಎರಡೋ ನುಂಗುತ್ತಿದ್ದರು ಅಷ್ಟೇ, ಹಾಗಾಗಿ ಅದನ್ನು ಬೇರೆ ಔಷಧಿಗೆ ಬದಲಿಸಿದೆ. ದಿನಾ ತಗೊಳ್ಳುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ ಇಳಿಸಬೇಕಾಗಿತ್ತು.

ಡಬ್ಬಿಯಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆಯನ್ನು ಅಜ್ಜಿ ರಾತ್ರಿ ತಗೊಳ್ಳುತ್ತಿದ್ದರು. ಮೂರು ಗಂಟೆಗೆ ಬಚ್ಚಲಿಗೆ ಏಳದೆ ಏನು ಮಾಡುತ್ತಾರೆ? ಅದನ್ನು ಬೆಳಿಗ್ಗೆಗೆ ಹಾಕಿದೆ. ರಾತ್ರಿ ಏಳುವುದು ಎರಡು ಸಲದಿಂದ ಒಂದಕ್ಕೆ ಇಳಿಯಿತು. ನಿದ್ದೆ ಕೆಡಿಸುವ ಕಾರಣ ಎಷ್ಟೋ ಸಲ ಹೀಗೆ ಕಣ್ಣೆದುರೇ ಇರುತ್ತದೆ. ಮಂಡಿ ನೋವು, ಗೊರಕೆ, ಕಾಲು ಜುಮುಜುಮು ಇವನ್ನೂ ಈ ಹಂತದಲ್ಲೇ ಕೇಳಿ ನೋಡಬೇಕು.

ಇಳಿಸುವ ಮುಂಚಿನ ಎರಡು ವಾರ

ಈ ಎರಡು ವಾರ ಡೋಸು ಮುಟ್ಟುವುದಿಲ್ಲ. ದಿನಾ ಒಂದೇ ಹೊತ್ತಿಗೆ ಮಾತ್ರೆ, ಜೊತೆಗೆ ಒಂದು ನೋಟ್‌ಬುಕ್. ಎಷ್ಟಕ್ಕೆ ಮಲಗಿದರು, ಎಷ್ಟಕ್ಕೆ ಎದ್ದರು, ಸುಮಾರು ಎಷ್ಟು ಗಂಟೆ ನಿದ್ದೆ ಬಂತು, ಹಗಲು ಎಷ್ಟು ಮಲಗಿದರು. ನಾಲ್ಕೇ ಸಾಲು.

ಅಜ್ಜಿ ರಾತ್ರಿ ಎಂಟೂವರೆಗೆ ಹಾಸಿಗೆ ಸೇರಿ ಬೆಳಿಗ್ಗೆ ಐದೂವರೆಗೆ ಏಳುತ್ತಿದ್ದರು. ಒಂಬತ್ತು ಗಂಟೆ. ನಿದ್ದೆ ಆರು ಗಂಟೆ. ಮಧ್ಯಾಹ್ನ ಊಟವಾದ ಮೇಲೆ ಇನ್ನೊಂದೂವರೆ ಗಂಟೆ. "ನಂಗೆ ನಿದ್ದೇನೇ ಬರಲ್ಲ" ಅನ್ನುವವರಿಗೆ ದಿನಕ್ಕೆ ಏಳೂವರೆ ಗಂಟೆ ನಿದ್ದೆ ಆಗುತ್ತಿತ್ತು! ನೋಟ್‌ಬುಕ್ ತೋರಿಸಿದಾಗ ಅವರೇ ನಕ್ಕರು. ನಿದ್ದೆ ಇರಲಿಲ್ಲ ಅಂತಲ್ಲ, ಹಾಸಿಗೆಯ ಹೊತ್ತು ಜಾಸ್ತಿಯಾಗಿ ಮೂರು ಗಂಟೆ ಸುಮ್ನೆ ಹೊರಳಾಟ ಆಗುತ್ತಿತ್ತು.

ಹಾಗಾಗಿ ಹಾಸಿಗೆಯ ಹೊತ್ತನ್ನು ಆರೂವರೆ ಗಂಟೆಗೆ ಇಳಿಸಿದೆವು. ರಾತ್ರಿ ಹನ್ನೊಂದಕ್ಕೆ ಮಲಗುವುದು, ಐದೂವರೆಗೆ ಏಳುವುದು. ರಾತ್ರಿ ಹೇಗೇ ಕಳೆದಿರಲಿ, ಏಳುವ ಹೊತ್ತು ಬದಲಿಸುವಂತಿಲ್ಲ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ, ಅದೂ ಮೂರು ಗಂಟೆಯೊಳಗೆ. ಸಂಜೆ ಫಿಲ್ಟರ್ ಕಾಫಿ ಬೇಡ. ಇದಕ್ಕೆ ಮಾತ್ರ ಅಜ್ಜಿ ಒಪ್ಪಲು ಒಂದು ವಾರ ಬೇಕಾಯಿತು. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಕುರ್ಚಿಯಲ್ಲಿ ಕೂರುವುದು, ಕಣ್ಣು ಎಳೆದಾಗ ಮತ್ತೆ ಮಲಗುವುದು. ಕತ್ತಲಲ್ಲಿ ಎದ್ದು ಬೀಳಬಾರದಲ್ಲ, ಅದಕ್ಕೆ ಹಾಸಿಗೆಯಿಂದ ಬಚ್ಚಲವರೆಗೆ ಎರಡು ಸಣ್ಣ ದೀಪ ಹಾಕಿಸಿದೆ. ಬಚ್ಚಲಲ್ಲಿ ಹಿಡಿ ಇರುವುದು ಒಳ್ಳೆಯದು. ಹಾಸಿಗೆಯಲ್ಲಿ ಕಳೆಯುವ ಹೊತ್ತಿನ ಬಹುಪಾಲು ನಿದ್ದೆಯೇ ಆದಾಗ ವಾರಕ್ಕೆ ಕಾಲು ಗಂಟೆಯಂತೆ ಹೊತ್ತು ಹೆಚ್ಚಿಸಬಹುದು. ಆರು ಗಂಟೆಗಿಂತ ಕೆಳಗೆ ಮಾತ್ರ ಹಿರಿಯರನ್ನು ಇಳಿಸುವುದಿಲ್ಲ.

18 ವಾರದ ಲೆಕ್ಕ

ಮಿ.ಗ್ರಾಂ ಲೆಕ್ಕ ಮನೆಯಲ್ಲಿ ನಡೆಯುವುದಿಲ್ಲ. ಮಾತ್ರೆಯ ಲೆಕ್ಕ ನಡೆಯುತ್ತದೆ. ಅದಕ್ಕೆ ಮೊದಲ ಕೆಲಸ, 0.5 ಮಿ.ಗ್ರಾಂ ಸ್ಟ್ರಿಪ್ಪನ್ನು ಮನೆಯಿಂದ ತೆಗೆಸಿ, 0.25 ಮಿ.ಗ್ರಾಂ ಮಾತ್ರೆಗೆ ಬದಲಿಸುವುದು. ಈಗ ಅಜ್ಜಿಯ ಡೋಸು ರಾತ್ರಿಗೆ 2 ಮಾತ್ರೆ. ಎರಡೂ ಬಲದ ಸ್ಟ್ರಿಪ್ ಮನೆಯಲ್ಲಿದ್ದರೆ ಒಂದಲ್ಲ ಒಂದು ದಿನ ಅದಲು ಬದಲಾಗುತ್ತದೆ. ಅರ್ಧ ಮಾಡಲು ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆ ಕಟ್ಟರ್ ಸಾಕು. ಅಡುಗೆಮನೆ ಚಾಕು ಬೇಡ, ಪುಡಿಯಾಗುತ್ತದೆ. ಸ್ಟ್ರಿಪ್ ಮೇಲೆ ಎಸ್‌ಆರ್ ಅಥವಾ ಇಆರ್ ಎಂದಿದ್ದರೆ ಅದನ್ನು ಮುರಿಯಲೇಬಾರದು. ಅದು ನಿಧಾನವಾಗಿ ಕರಗಲು ಮಾಡಿದ್ದು. ಮುರಿದರೆ ಇಡೀ ಔಷಧಿ ಒಂದೇ ಸಲ ಮೈಗೆ ಸೇರುತ್ತದೆ.

| ಹಂತ | ಎಷ್ಟು ದಿನ | ರಾತ್ರಿಗೆ 0.25 ಮಿ.ಗ್ರಾಂ ಮಾತ್ರೆ |
|---|---|---|
| 1 | 2 ವಾರ | ಒಂದು ರಾತ್ರಿ 2, ಮರುರಾತ್ರಿ 1½ |
| 2 | 2 ವಾರ | ಪ್ರತಿ ರಾತ್ರಿ 1½ |
| 3 | 2 ವಾರ | ಒಂದು ರಾತ್ರಿ 1½, ಮರುರಾತ್ರಿ 1 |
| 4 | 2 ವಾರ | ಪ್ರತಿ ರಾತ್ರಿ 1 |
| 5 | 2 ವಾರ | ಒಂದು ರಾತ್ರಿ 1, ಮರುರಾತ್ರಿ ½ |
| 6 | 4 ವಾರ | ಪ್ರತಿ ರಾತ್ರಿ ½ |
| 7 | 4 ವಾರ | ಒಂದು ರಾತ್ರಿ ½, ಮರುರಾತ್ರಿ ಇಲ್ಲ |
| 8 | – | ನಿಲ್ಲಿಸುವುದು |

ಪ್ರತಿ ಹೆಜ್ಜೆಯಲ್ಲೂ ಇಳಿಯುವುದು ಮೊದಲಿದ್ದ ಡೋಸಿನ ಎಂಟನೇ ಒಂದು ಭಾಗ. ನೋಡಲು ಸಮಾನ. ಆದರೆ ಇದರಲ್ಲೊಂದು ಮೋಸ ಇದೆ. ಮೊದಲ ಹೆಜ್ಜೆಯಲ್ಲಿ ಕೈಯಲ್ಲಿದ್ದ ಡೋಸಿನ ಎಂಟರಲ್ಲಿ ಒಂದು ಪಾಲು ಹೋಗುತ್ತದೆ. ಆರರಿಂದ ಏಳಕ್ಕೆ ಬರುವಾಗ ಕೈಯಲ್ಲಿದ್ದದ್ದರ ಅರ್ಧವೇ ಹೋಗುತ್ತದೆ. ಮಿದುಳಿಗೆ ಲೆಕ್ಕ ಇರುವುದು ಈಗ ಇರುವ ಡೋಸಿನ ಮೇಲೆ. ಹಾಗಾಗಿ ಕೊನೆಯ ಮೆಟ್ಟಿಲುಗಳೇ ಎತ್ತರ. "ಬರೀ ಅರ್ಧ ಮಾತ್ರೆ, ನಿಲ್ಲಿಸಿಬಿಡಿ" ಎಂದು ಅವಸರ ಮಾಡಿ ಕೆಟ್ಟವರು ಬೇಕಾದಷ್ಟು ಜನ. ಕೊನೆಯ ಎರಡು ಹಂತಕ್ಕೆ ನಾನು ನಾಲ್ಕು ವಾರ ಇಟ್ಟಿರುವುದು ಅದಕ್ಕೇ. 2025ರಲ್ಲಿ ಅಮೆರಿಕದ ವ್ಯಸನ ಚಿಕಿತ್ಸಾ ಸಂಘ ಬೇರೆ ಸಂಘಗಳ ಜೊತೆ ಸೇರಿ ಹೊರತಂದ ಮಾರ್ಗಸೂಚಿ ಇದಕ್ಕಿಂತಲೂ ಮೆಲ್ಲಗೆ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಇರುವ ಡೋಸಿನ 5ರಿಂದ 10 ಶೇಕಡದಷ್ಟು ಇಳಿಸಿ ನೋಡಿ ಎನ್ನುತ್ತದೆ. ಎರಡು ವಾರಕ್ಕೆ 25 ಶೇಕಡ ದಾಟಬಾರದು ಎಂಬುದು ಅದರ ಮೇಲ್ಮಿತಿ. 0.25ರ ಮಾತ್ರೆಯ ಅರ್ಧಕ್ಕಿಂತ ಸಣ್ಣ ಚೂರನ್ನು ಮನೆಯಲ್ಲಿ ಸರಿಯಾಗಿ ಮಾಡಲಾಗುವುದಿಲ್ಲ. ಅದಕ್ಕೆ ಕೊನೆಯಲ್ಲಿ ಹೆಜ್ಜೆ ಸಣ್ಣದು ಮಾಡುವ ಬದಲು ಅಲ್ಲೇ ಹೆಚ್ಚು ದಿನ ನಿಲ್ಲುತ್ತೇವೆ. ಈ 18 ವಾರ ಅತಿ ಬೇಗ ಎಂದರೆ ಇಷ್ಟು, ಅಷ್ಟೇ. ನಮ್ಮ ಅಜ್ಜಿಗೆ 24 ವಾರ ಹಿಡಿಯಿತು.

ರಾತ್ರಿ ಬಿಟ್ಟು ರಾತ್ರಿ ಡೋಸು ಬದಲಿಸುವುದೂ ಒಂದು ರಾಜಿಯೇ. ಆಲ್ಪ್ರಾಜೋಲಮ್ ಬೇಗ ಇಳಿಯುವ ಮಾತ್ರೆ. ಕೆಲವರಿಗೆ ಕಡಿಮೆ ಡೋಸಿನ ರಾತ್ರಿ ಮಾತ್ರ ಕೆಟ್ಟದಾಗಿ ಹೋಗುತ್ತದೆ. ನೋಟ್‌ಬುಕ್ಕಿನಲ್ಲಿ ಒಂದು ಒಳ್ಳೇ ರಾತ್ರಿ, ಒಂದು ಕೆಟ್ಟ ರಾತ್ರಿ ಎಂದು ಗೆರೆ ಎಳೆದ ಹಾಗೆ ಕಂಡರೆ ಇದೇ ಕಾರಣ. ಆಗ ವಾರಕ್ಕೆ ಎರಡೇ ರಾತ್ರಿ ಕಡಿಮೆ ಡೋಸಿನಿಂದ ಶುರು ಮಾಡಿ ಮೂರು, ನಾಲ್ಕು ಎಂದು ಏರಿಸಬಹುದು. ಹೆಚ್ಚು ಹೊತ್ತು ಮೈಯಲ್ಲಿರುವ ಡಯಾಜೆಪಮ್‌ಗೆ ಬದಲಿಸಿ ಇಳಿಸುವ ಪದ್ಧತಿಯೂ ಇದೆ. ಹಿರಿಯರಲ್ಲಿ ಅದು ದಿನಗಟ್ಟಲೆ ಉಳಿದು ಹಗಲೂ ತೂಕಡಿಸುವಂತೆ ಮಾಡುತ್ತದೆ, ಬೀಳುವ ಭಯ ಜಾಸ್ತಿ. ನಾನಂತೂ ಆ ದಾರಿಗೆ ಹೋಗುವುದಿಲ್ಲ.

ಕ್ಲೋನಾಜೆಪಮ್ 0.5 ಮಿ.ಗ್ರಾಂ ತಗೊಳ್ಳುವವರಿಗೂ 0.25ರ ಮಾತ್ರೆಯಿಂದ ಇದೇ ಲೆಕ್ಕ ಹಾಕಬಹುದು. ಆದರೆ ಅದು ಮೈಯಿಂದ ನಿಧಾನವಾಗಿ ಇಳಿಯುತ್ತದೆ. ತೊಂದರೆ ಮೂರನೇ ದಿನ ಕಾಣದೆ ವಾರವಾದ ಮೇಲೆ ಕಾಣಬಹುದು. "ಏನೂ ಆಗಲಿಲ್ಲ" ಎಂದು ಮುಂದಿನ ಹಂತಕ್ಕೆ ಬೇಗ ಜಿಗಿಯಬಾರದು.

ದಿನ ಗುರುತಿಡಲು ಮೊದಲೆಲ್ಲ "ಸಮ ಸಂಖ್ಯೆಯ ತಾರೀಖು, ಬೆಸ ಸಂಖ್ಯೆಯ ತಾರೀಖು" ಎಂದು ಹೇಳುತ್ತಿದ್ದೆ. 31 ಆದ ಮೇಲೆ 1 ಬರುತ್ತದೆ, ಎರಡೂ ಬೆಸ. ಗಲಿಬಿಲಿ! ಈಗ ಗೋಡೆ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕದೊಳಗೆ 2, 1½ ಎಂದು ಕೆಂಪು ಪೆನ್ನಿನಲ್ಲಿ ಬರೆಸುತ್ತೇನೆ. ಸೊಸೆ ಭಾನುವಾರ ವಾರದ ಡಬ್ಬಿ ತುಂಬುತ್ತಾರೆ. ಉಳಿದ ಸ್ಟ್ರಿಪ್ ಅವರ ಬೀರುವಿನಲ್ಲಿ. ಚೀಟಿ ಎರಡು ವಾರಕ್ಕಷ್ಟೇ ಬರೆಯುತ್ತೇನೆ. ಆಲ್ಪ್ರಾಜೋಲಮ್ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ, ಚೀಟಿ ಇಲ್ಲದೆ ಮಾರುವಂತಿಲ್ಲ, ಮೆಡಿಕಲ್ ಶಾಪಿನವರು ರಿಜಿಸ್ಟರಿನಲ್ಲಿ ಬರೆದಿಡಬೇಕು. ಎಲ್ಲ ಕಡೆ ಹಾಗೇ ನಡೆಯುತ್ತದೆ ಅಂತಲ್ಲ. ಅದಕ್ಕೇ ಮನೆಯ ಹತ್ತಿರದ ಅಂಗಡಿಯವರಿಗೆ ವಿಷಯ ಮೊದಲೇ ತಿಳಿಸಿಡುವುದು ಒಳ್ಳೆಯದು.

ದಾರಿಯಲ್ಲಿ ಏನೇನು ಕಾಣುತ್ತದೆ

ಮೊದಲ ಎರಡು ಹಂತ ಅಜ್ಜಿಗೆ ಗೊತ್ತೇ ಆಗಲಿಲ್ಲ. ಮೂರನೇ ಹಂತದ ಎರಡನೇ ರಾತ್ರಿಯಿಂದ ಎರಡು ಗಂಟೆಗೆ ಎಚ್ಚರವಾಗತೊಡಗಿತು. ಕುಕ್ಕರ್ ಸೀಟಿ ಕೇಳಿದರೂ ಮೈ ಬೆಚ್ಚುತ್ತದೆ, ಬೆರಳು ಸಣ್ಣಗೆ ನಡುಗುತ್ತದೆ ಎಂದರು. ಇವು ಇಳಿಸುವಾಗಿನ ಲಕ್ಷಣಗಳು. ಹಳೆಯ ಗಾಬರಿ ವಾಪಸ್ ಬಂದಿದೆಯೋ, ಇದು ಮಾತ್ರೆ ಇಳಿದದ್ದರ ಪರಿಣಾಮವೋ ಎಂದು ತಿಳಿಯಲು ಎರಡು ವಿಷಯ ನೋಡುತ್ತೇನೆ. ಒಂದು, ಶುರುವಾದದ್ದು ಯಾವಾಗ. ಡೋಸು ಇಳಿಸಿದ ಎರಡು ಮೂರು ದಿನದಲ್ಲೇ ಶುರುವಾಗಿ, ಒಂದೆರಡು ವಾರದಲ್ಲಿ ತಾನೇ ತಣ್ಣಗಾದರೆ ಅದು ಮಾತ್ರೆಯದ್ದು. ಎರಡು, ಹೊಸದೇನಾದರೂ ಇದೆಯಾ. ಸದ್ದು ಬೆಳಕು ತಡೆಯಲಾಗದಿರುವುದು, ಚರ್ಮ ಜುಮ್ಮೆನ್ನುವುದು, ಬೆವರು ಇವು ಮೊದಲು ಇರಲಿಲ್ಲ ಎಂದರೆ ಅದೂ ಮಾತ್ರೆಯದ್ದೇ. ಹಂತಕ್ಕೂ ದಿನಕ್ಕೂ ಸಂಬಂಧವಿಲ್ಲದೆ ವಾರದಿಂದ ವಾರಕ್ಕೆ ಬೆಳೆಯುತ್ತಾ ಹೋಗುವ ದುಃಖ, ಊಟ ಸೇರದಿರುವುದು, ಬದುಕು ಸಾಕೆನ್ನುವ ಮಾತು ಬೇರೆಯೇ ಕಥೆ. ಅದಕ್ಕೆ ಬೇರೆ ಚಿಕಿತ್ಸೆ ಬೇಕು.

ಮೂರನೇ ಹಂತದಲ್ಲಿದ್ದಾಗಲೇ ಗೌರಿ ಹಬ್ಬ ಬಂತು. ಮನೆ ತುಂಬಾ ನೆಂಟರು. ಹಬ್ಬದ ವಾರದಲ್ಲಿ ಯಾರೂ ಡೋಸು ಇಳಿಸಬಾರದು! ಅದೇ ಹಂತದಲ್ಲಿ ನಾಲ್ಕು ವಾರ ಹೆಚ್ಚಿಗೆ ನಿಂತೆವು. ನಿಲ್ಲುವುದು ಸೋಲಲ್ಲ, ಇದೇ ಪದ್ಧತಿ. ಕಷ್ಟವಾದರೆ ಅಲ್ಲೇ ಎರಡರಿಂದ ನಾಲ್ಕು ವಾರ ನಿಲ್ಲಿ. ತೀರಾ ತಡೆಯಲಾಗದಿದ್ದರೆ ಡಾಕ್ಟರಿಗೆ ಹೇಳಿ ಒಂದು ಹಂತ ಮೇಲೆ ಹೋಗಿ, ಅಲ್ಲಿಂದ ಇನ್ನೂ ನಿಧಾನವಾಗಿ ಇಳಿಯಿರಿ. ಮಾಡಬಾರದ್ದು ಒಂದೇ: ಕೆಟ್ಟ ರಾತ್ರಿ ಬಂದಾಗ ಎದ್ದು ಇನ್ನೊಂದು ಅರ್ಧ ನುಂಗುವುದು. ಎರಡು ಸಲ ಹಾಗೆ ಮಾಡಿದರೆ ಎಲ್ಲಿದ್ದೇವೆ ಎನ್ನುವುದೇ ಗೊತ್ತಾಗುವುದಿಲ್ಲ.

ನಾಲ್ಕನೇ ಹಂತದಲ್ಲಿ ನಾನು ಎಣಿಸದ ಒಂದು ವಿಷಯ ನಡೆಯಿತು. ಸೊಸೆ ಫೋನ್ ಮಾಡಿ "ಮಾತ್ರೆ ಕಮ್ಮಿ ಮಾಡಿದ್ಮೇಲೆ ಅತ್ತೆ ಹಗಲೆಲ್ಲ ತೂಕಡಿಸ್ತಾರೆ" ಎಂದರು. ಡೋಸು ಇಳಿದರೆ ತೂಕಡಿಕೆ ಇಳಿಯಬೇಕು. ಹೊಸದಾಗಿ ಏನು ತಗೊಂಡರು ಎಂದು ಕೇಳಿದೆ. ಹುಳುಕಡ್ಡಿಗೆ ಇಟ್ರಾಕೊನಜೋಲ್! ಅದು ಆಲ್ಪ್ರಾಜೋಲಮ್ ಕರಗುವ ದಾರಿಯನ್ನೇ ಕಟ್ಟಿಹಾಕುತ್ತದೆ. ಅರ್ಧ ಡೋಸು ಪೂರ್ತಿ ಡೋಸಿನ ಹಾಗೆ ಕೆಲಸ ಮಾಡುತ್ತಿತ್ತು. ಇವೆರಡನ್ನು ಜೊತೆಯಾಗಿ ಕೊಡಲೇಬಾರದು. ಚರ್ಮದ ಡಾಕ್ಟರ್ ಜೊತೆ ಮಾತಾಡಿ ಮುಲಾಮಿಗೆ ಬದಲಿಸಿದೆವು. ಅದರ ಪ್ರಭಾವ ಇಳಿದು ತೂಕಡಿಕೆ ಹೋಗುವವರೆಗೆ ಅದೇ ಹಂತದಲ್ಲಿ ಎರಡು ವಾರ ಹೆಚ್ಚಿಗೆ ನಿಂತೆವು. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಕೂಡ ಹೀಗೇ ಮಾಡುತ್ತದೆ. ಉಲ್ಟಾ ಕೂಡ ಉಂಟು: ಟಿಬಿಯ ರಿಫಾಂಪಿಸಿನ್, ಫಿಟ್ಸಿನ ಕಾರ್ಬಮಜೆಪಿನ್ ಶುರುವಾದರೆ ಆಲ್ಪ್ರಾಜೋಲಮ್ ಬೇಗ ಕರಗಿಹೋಗಿ, ಡೋಸು ಇಳಿಸದೆಯೂ ಇಳಿಸಿದಷ್ಟೇ ತೊಂದರೆ ಕಾಣುತ್ತದೆ.

ಇನ್ನೊಂದು ಎಚ್ಚರಿಕೆ. ನಿದ್ದೆಗೆಂದು ಬದಲಿ ಮಾತ್ರೆ ಹುಡುಕಬೇಡಿ. ಜೋಲ್ಪಿಡೆಮ್ ಹೆಸರು ಬೇರೆಯಾದರೂ ಮಿದುಳಿನಲ್ಲಿ ಹಿಡಿಯುವ ಜಾಗ ಇದೇ. ಶೀತದ ಮಾತ್ರೆಯ ಕ್ಲೋರ್‌ಫೆನಿರಮಿನ್, ಅಮಿಟ್ರಿಪ್ಟಿಲಿನ್ ಇವು ಹಿರಿಯರಲ್ಲಿ ಮರೆವು, ಮಲಬದ್ಧತೆ, ಮೂತ್ರ ಕಟ್ಟುವುದು ತರುತ್ತವೆ. ಒಂದು ಹೊಂಡದಿಂದ ಎದ್ದು ಇನ್ನೊಂದಕ್ಕೆ ಬಿದ್ದ ಹಾಗೆ.

ಅಜ್ಜಿಯ ಕೈಗೆ ಕೊಟ್ಟ ಹಾಳೆ

2014ರಲ್ಲಿ ಕೆನಡಾದ ಒಂದು ಅಧ್ಯಯನ ಪ್ರಕಟವಾಯಿತು. ಈ ಮಾತ್ರೆ ತಗೊಳ್ಳುತ್ತಿದ್ದ ಹಿರಿಯರನ್ನು ಮೆಡಿಕಲ್ ಶಾಪುಗಳ ಮೂಲಕ ಹುಡುಕಿ ಒಂದು ಕೈಪಿಡಿ ತಲುಪಿಸಿದರು. ಅದರಲ್ಲಿ ಅಪಾಯ ಏನು ಎನ್ನುವುದರ ಜೊತೆ ಇಡೀ ಮಾತ್ರೆ, ಅರ್ಧ, ಕಾಲು ಎಂದು ಚಿತ್ರದಲ್ಲಿ ಇಳಿಸುವ ಕ್ರಮ ಇತ್ತು. ಆರು ತಿಂಗಳಲ್ಲಿ ಕೈಪಿಡಿ ಸಿಕ್ಕವರಲ್ಲಿ 27 ಶೇಕಡ ಜನ ಮಾತ್ರೆ ಪೂರ್ತಿ ನಿಲ್ಲಿಸಿದ್ದರು. ಸಿಗದವರಲ್ಲಿ 5 ಶೇಕಡ. ಅದನ್ನು ಓದಿದ ಮೇಲೆಯೇ ನಾನು ಬಾಯಿಮಾತು ಬಿಟ್ಟು ಹಾಳೆ ಕೊಡಲು ಶುರು ಮಾಡಿದ್ದು. ಕೆಳಗಿನದ್ದನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಖಾಲಿ ಜಾಗ ತುಂಬಿ ಕೊಡಿ.

---

ನಿಮ್ಮ ನಿದ್ದೆ ಮಾತ್ರೆಯ ಬಗ್ಗೆ

ನಿಮ್ಮ ಹೆಸರು: ______ ಮಾತ್ರೆಯ ಹೆಸರು: ______ ಈಗಿನ ಡೋಸು: ______

ಈ ಮಾತ್ರೆ ಯಾಕೆ ಇಳಿಸುತ್ತಿದ್ದೇವೆ? ವಯಸ್ಸಾದ ಮೇಲೆ ಇದು ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಕಾಲು ತಡವರಿಸಿ ಬೀಳಬಹುದು. ಮರೆವು ಜಾಸ್ತಿಯಾಗಬಹುದು. ವರ್ಷಗಳ ನಂತರ ಇದರಿಂದ ಬರುವ ನಿದ್ದೆಯೂ ಕಡಿಮೆ.

ಮಾತ್ರೆ ತಪ್ಪಿದರೆ ನಿದ್ದೆ ಬರುವುದಿಲ್ಲವಲ್ಲ? ನಿಜ. ಮೈ ಮಾತ್ರೆಗೆ ಹೊಂದಿಕೊಂಡಿದೆ, ಅದಕ್ಕೇ ಹಾಗಾಗುತ್ತದೆ. ನಿಧಾನವಾಗಿ ಇಳಿಸಿದರೆ ಇದು ಕಡಿಮೆಯಾಗುತ್ತದೆ.

ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು. ಊರಿಗೆ ಹೋಗುವಾಗ ಡಬ್ಬಿ ಜೊತೆಗಿರಲಿ.

ಪ್ರತಿ ರಾತ್ರಿ: ಕ್ಯಾಲೆಂಡರಿನ ಚೌಕದಲ್ಲಿ ಬರೆದಷ್ಟೇ ಮಾತ್ರೆ. ಮರೆತರೆ ಮರುದಿನ ಎರಡು ದಿನದ್ದು ಸೇರಿಸಿ ತಗೊಳ್ಳಬೇಡಿ. ನಿದ್ದೆ ಬರಲಿಲ್ಲವೆಂದು ಹೆಚ್ಚಿಗೆ ತಗೊಳ್ಳಬೇಡಿ.

ಮಲಗುವುದು: ______ ಗಂಟೆಗೆ. ಏಳುವುದು: ______ ಗಂಟೆಗೆ. ಮಧ್ಯಾಹ್ನ ಅರ್ಧ ಗಂಟೆ ಸಾಕು. ಮಧ್ಯಾಹ್ನದ ನಂತರ ಕಾಫಿ, ಟೀ ಬೇಡ. ಮದ್ಯ ಬೇಡವೇ ಬೇಡ.

ಹೀಗಾಗಬಹುದು, ಹೆದರಬೇಡಿ: ಕೆಲವು ರಾತ್ರಿ ನಿದ್ದೆ ಕಡಿಮೆ, ಕೆಟ್ಟ ಕನಸು, ಸಿಡುಕು, ಸ್ವಲ್ಪ ನಡುಕ, ಬೆವರು. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತದೆ. ತಗ್ಗದಿದ್ದರೆ ಅದೇ ಹಂತದಲ್ಲಿ ನಿಂತು ನಮಗೆ ಫೋನ್ ಮಾಡಿ.

ಕೂಡಲೇ ಆಸ್ಪತ್ರೆಗೆ (108ಕ್ಕೆ ಫೋನ್ ಮಾಡಿ): ಫಿಟ್ಸ್, ಇಲ್ಲದ್ದು ಕಾಣುವುದು ಕೇಳುವುದು, ಮನೆಯವರ ಗುರುತು ಸಿಗದಷ್ಟು ಗೊಂದಲ, ಎಬ್ಬಿಸಿದರೂ ಏಳದಷ್ಟು ಮಂಪರು, ಜ್ವರದ ಜೊತೆ ಜೋರು ನಡುಕ.

ಮನಸ್ಸಿಗೆ ತುಂಬಾ ಕಷ್ಟವಾದರೆ, ಸಾಯುವ ಯೋಚನೆ ಬಂದರೆ: ಮನೆಯವರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿ.

ಹೊಸ ಮಾತ್ರೆ ಯಾರೇ ಬರೆದುಕೊಟ್ಟರೂ ಈ ಹಾಳೆ ತೋರಿಸಿ.

ನಿಮ್ಮ ಡಾಕ್ಟರ್ ಫೋನ್: ______ ಮುಂದಿನ ಭೇಟಿ: ______

---

ಹಾಳೆ ಕೊಟ್ಟು ಕಳಿಸಿದರೆ ಸಾಲದು. ಕನ್ನಡಕ ಹಾಕಿಸಿ ಅಜ್ಜಿಯಿಂದಲೇ ಜೋರಾಗಿ ಓದಿಸುತ್ತೇನೆ. ಓದು ಬಾರದವರಿದ್ದರೆ ಮನೆಯವರು ಓದಿ ಹೇಳಿದ ಮೇಲೆ, "ಈ ರಾತ್ರಿ ಎಷ್ಟು ಮಾತ್ರೆ? ನಿದ್ದೆ ಬರದಿದ್ರೆ ಏನು ಮಾಡ್ತೀರಿ?" ಎಂದು ಎರಡೇ ಪ್ರಶ್ನೆ ಕೇಳುತ್ತೇನೆ. ಎರಡು ವಾರಕ್ಕೊಮ್ಮೆ ಬಂದಾಗ ನೋಟ್‌ಬುಕ್ ನೋಡುವುದರ ಜೊತೆ ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ವಾಪಸ್ ಬಂದು ಕೂರಲು ಎಷ್ಟು ಸೆಕೆಂಡ್ ಬೇಕು ಎಂದು ಗಡಿಯಾರ ಹಿಡಿಯುತ್ತೇನೆ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಬೇಕಾದರೆ ಬೀಳುವ ಭಯ ಇದೆ ಎಂದರ್ಥ. ಅಜ್ಜಿಗೆ ಮೊದಲ ದಿನ 17 ಬೇಕಾಗಿತ್ತು. ಮಾತ್ರೆ ನಿಲ್ಲಿಸಿ ತಿಂಗಳಾದ ಮೇಲೆ 13. ನಿದ್ದೆ ಮೊದಲಿನಷ್ಟೇ, ಆರು ಗಂಟೆ.

ನಿಲ್ಲಿಸಿದ ಮೇಲೂ ಮೂರು ತಿಂಗಳು ನೋಡುತ್ತಿರಬೇಕು. ಮನೆಯಲ್ಲಿ ಸಾವು ನೋವು, ಆಸ್ಪತ್ರೆ ವಾಸ ಏನಾದರೂ ಆದರೆ ಯಾರೋ ಮತ್ತೆ ಬರೆದುಕೊಡುತ್ತಾರೆ. ಅಜ್ಜಿಯ ಫೈಲಿನ ಮೇಲೆ "ನಿದ್ದೆ ಮಾತ್ರೆ ನಿಲ್ಲಿಸಿದ್ದೇವೆ, ದಯವಿಟ್ಟು ಮತ್ತೆ ಬರೆಯಬೇಡಿ" ಎಂದು ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ. ಕೊನೆಯ ಸಲ ಬಂದಾಗ ಅವರು ಕೈಚೀಲದಿಂದ ಒಂದು ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. 0.5ರದ್ದು, ಆರು ಮಾತ್ರೆ ಉಳಿದಿತ್ತು. ಸೊಸೆಗೂ ಗೊತ್ತಿಲ್ಲದೆ ದಿಂಬಿನ ಕವರಿನೊಳಗೆ ಇಟ್ಟುಕೊಂಡಿದ್ದರಂತೆ. "ಇರಲಿ ಅಂತ ಇಟ್ಕೊಂಡಿದ್ದೆ. ತಗೊಳ್ಳಿ" ಎಂದರು.